ಕಾರ್ಬೊನಿಲ್ ಪ್ರಶ್ನೆಗಳ ಮೂರು ಕಟ್ಟುಗಳು

"ಬಿ.ಎಸ್ಸಿ. ಕೊನೆಯ ವರ್ಷ, ಜ್ಯಾಮ್ ಪರೀಕ್ಷೆಗೆ ಓದುತ್ತಿದ್ದೇನೆ. ಆರ್ಗ್ಯಾನಿಕ್ ಹಳೆಯ ಪ್ರಶ್ನೆಗಳನ್ನೆಲ್ಲ ರಿಯಾಕ್ಷನ್ ಹೆಸರಿನ ಪ್ರಕಾರ ಜೋಡಿಸಿಕೊಂಡಿದ್ದೇನೆ. ಉತ್ತರ ನೋಡಿದರೆ ಅರ್ಥವಾಗುತ್ತದೆ, ಖಾಲಿ ಹಾಳೆಯಲ್ಲಿ ಬಾಣ ಹಾಕಲು ಹೋದರೆ ಎರಡನೇ ಹಂತಕ್ಕೇ ಕೈ ನಿಲ್ಲುತ್ತದೆ. ಏನು ಮಾಡಲಿ?"

ತಂಗಿ, ನಿಮ್ಮ ಈ ಪ್ರಶ್ನೆಯ ಕೆಳಗೆ ಉತ್ತರಗಳನ್ನು ನಕಲು ಮಾಡಿ ಎನ್ನುವ ಒಬ್ಬರು, ಒಬ್ಬ ನಿವೃತ್ತ ಅಧ್ಯಾಪಕರು, ಸಾಬೂನು ತಯಾರಿಸುವ ಒಬ್ಬ ಅಣ್ಣ ಈಗಾಗಲೇ ಬರೆದಿದ್ದಾರೆ; ಅವರ ಮಾತುಗಳಿಗೂ ಇಲ್ಲಿಯೇ ಉತ್ತರಿಸುತ್ತೇನೆ. ಸದ್ಯಕ್ಕೆ ಕಾರ್ಬೊನಿಲ್ ಪ್ರಶ್ನೆಗಳನ್ನು ಮಾತ್ರ ಚೀಟಿಗೊಂದರಂತೆ ಬರೆದು ಬೇರೆ ತೆಗೆದಿಟ್ಟುಕೊಳ್ಳಿ. ಹೆಸರಿನ ಪ್ರಕಾರ ಜೋಡಿಸಿದಾಗ ಆಲ್ಡಾಲ್ ಒಂದು ಕಡೆಗೂ ಕ್ಲೈಸನ್ ಇನ್ನೊಂದು ಕಡೆಗೂ ಹೋಗಿಬಿಡುತ್ತವೆ. ಆದರೆ ಎರಡರಲ್ಲಿಯೂ ಈನೊಲೇಟಿನ ಕಾರ್ಬನ್ ಇನ್ನೊಂದು ಅಣುವಿನ ಕಾರ್ಬೊನಿಲ್ ಕಾರ್ಬನ್ನಿಗೆ ಬಂದು ಸೇರುತ್ತದೆ, ಅಲ್ಲಿಯವರೆಗಿನ ಬಾಣಗಳಲ್ಲಿ ಏನೂ ವ್ಯತ್ಯಾಸವಿಲ್ಲ. ದಾರಿ ಕವಲೊಡೆಯುವುದು ಆಮೇಲೆ: ಆ ಕಾರ್ಬನ್ನಿನ ಮೇಲೆ ಬಿಟ್ಟುಹೋಗಬಲ್ಲ ಗುಂಪು ಇದೆಯೇ, ಇಲ್ಲವೇ? ಎಸ್ಟರಿನಲ್ಲಿ ಇದೆ, ಆಲ್ಡಿಹೈಡಿನಲ್ಲಿ ಇಲ್ಲ. ವಿಂಗಡಣೆಯನ್ನು ಹೀಗೆ, ಸೇರಿದ ಮೇಲೆ ಏನು ಹೊರಗೆ ಹೋಗುತ್ತದೆ ಎಂಬುದರಿಂದ ಮಾಡಿದರೆ ಮೂರು ಕಟ್ಟುಗಳು ಸಾಕಾಗುತ್ತವೆ.

ಬಂದದ್ದು ಸೇರಿಕೊಂಡು, ಏನೂ ಹೊರಗೆ ಹೋಗದೆ, ಆಕ್ಸಿಜನ್ನು ಕೊನೆಗೆ ಒಂದು ಪ್ರೋಟಾನ್ ಪಡೆದು ನಿಲ್ಲುವ ಪ್ರಶ್ನೆಗಳು ಮೊದಲನೆಯ ಕಟ್ಟಿಗೆ. ಸಯನೋಹೈಡ್ರಿನ್, ಆಲ್ಡಿಹೈಡಿನೊಡನೆ ಗ್ರಿನ್ಯಾರ್, ನಿರ್ಜಲೀಕರಣಕ್ಕೆ ಮುಂಚಿನ ಆಲ್ಡಾಲ್ ಇಲ್ಲಿಗೆ ಬರುತ್ತವೆ. ಕಾರ್ಬೊನಿಲ್ಲಿನ ಆಕ್ಸಿಜನ್ನೇ ನೀರಾಗಿ ಹೊರಬೀಳುವ ಇಮೀನ್, ಅಸಿಟಾಲ್ ಬಗೆಯವು ಎರಡನೆಯದಕ್ಕೆ. ಕಾರ್ಬೊನಿಲ್ ಉಳಿದು, ಅದರ ಪಕ್ಕದ ಗುಂಪು ಬಿಟ್ಟುಹೋಗುವ ಎಸ್ಟರ್, ಅಮೈಡ್, ಆಸಿಡ್ ಕ್ಲೋರೈಡ್, ಕ್ಲೈಸನ್ ಪ್ರಶ್ನೆಗಳು ಮೂರನೆಯದಕ್ಕೆ. ಎಸ್ಟರಿಗೆ ಗ್ರಿನ್ಯಾರ್ ಹಾಕಿದ ಪ್ರಶ್ನೆ ಎಲ್ಲಿಗೆ ಸೇರುತ್ತದೆ ಎಂದು ಯೋಚಿಸಿ ನೋಡಿ. ಅದು ಮೂರನೆಯ ಕಟ್ಟಿನ ದಾರಿಯಲ್ಲಿ ಕೀಟೋನ್ ಆಗಿ, ಆ ಕೀಟೋನು ಮತ್ತೆ ಮೊದಲನೆಯ ಕಟ್ಟಿನ ದಾರಿಯಲ್ಲಿ ತೃತೀಯ ಆಲ್ಕೊಹಾಲ್ ಆಗುತ್ತದೆ. ಎರಡು ಮೋಲ್ ಗ್ರಿನ್ಯಾರ್ ಏಕೆ ಬೇಕು ಎಂಬುದಕ್ಕೆ ಉತ್ತರವೂ ಅಲ್ಲೇ ಇದೆ.

ಇನ್ನು ನೆನಪಿನಿಂದ ಬರೆಯುವ ವಿಷಯ. ಒಂದೊಂದು ಉತ್ತರವನ್ನೂ ಇಪ್ಪತ್ತು ಸಲ ನಕಲು ಮಾಡಿ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ರಚನೆಗಳನ್ನು ವೇಗವಾಗಿ, ಅಂದವಾಗಿ ಬರೆಯುವ ಅಭ್ಯಾಸಕ್ಕೆ ಅದು ನಿಜವಾಗಿಯೂ ಸಹಾಯಕ. ಆದರೆ ನಕಲು ಮಾಡುವಾಗ ಮುಂದಿನ ರಚನೆ ಕಣ್ಣೆದುರಿಗೇ ಇರುವುದರಿಂದ ಬಾಣವು ಅದಕ್ಕೆ ಹೊಂದಿಕೊಂಡು ಬೀಳುತ್ತದೆ. ಪರೀಕ್ಷೆಯಲ್ಲಿ ನಡೆಯಬೇಕಾದದ್ದು ಇದಕ್ಕೆ ತಿರುಗುಮುರುಗು: ಬಾಣ ಮೊದಲು, ಅದರಿಂದ ರಚನೆ. ನಿಮ್ಮ ಕೈ ಎರಡನೇ ಹಂತದಲ್ಲಿ ನಿಲ್ಲುವುದಕ್ಕೆ ಕಾರಣ ಇದೇ ಇರಬೇಕು.

ಮೂರನೆಯ ಕಟ್ಟಿನಿಂದ ಒಂದನ್ನು ಪೂರ್ತಿ ಮಾಡೋಣ: ಬೆಂಜೋಯಿಕ್ ಆಮ್ಲ ಮತ್ತು ಮೆಥನಾಲ್, ಜೊತೆಗೆ ಒಂದೆರಡು ಹನಿ ಗಂಧಕಾಮ್ಲ. ಉತ್ತರಪತ್ರಿಕೆ ಮುಚ್ಚಿಟ್ಟು, ಕ್ರಿಯೆಯಲ್ಲಿ ಭಾಗವಹಿಸುವ ಆಕ್ಸಿಜನ್ನುಗಳ ಲೋನ್ ಪೇರ್‌ಗಳನ್ನೆಲ್ಲ ಚುಕ್ಕಿಯಿಟ್ಟು ಬರೆಯಿರಿ. ಮೊದಲ ಬಾಣ ಕಾರ್ಬೊನಿಲ್ ಆಕ್ಸಿಜನ್ನಿನ ಲೋನ್ ಪೇರ್‌ನಿಂದ ಹೊರಟು ಪ್ರೋಟಾನಿಗೆ ಹೋಗುತ್ತದೆ. ಹೋಗಿ ಸೇರುವುದು ಪ್ರೋಟಾನ್ ತಾನೇ ಎಂದುಕೊಂಡು ಬಹಳ ಜನ ಬಾಣವನ್ನು ಪ್ರೋಟಾನಿನಿಂದ ಆರಂಭಿಸುತ್ತಾರೆ. ಬಾಣ ತೋರಿಸುವುದು ಎಲೆಕ್ಟ್ರಾನುಗಳ ಚಲನೆಯನ್ನು, ಪ್ರೋಟಾನಿನ ಬಳಿ ಕೊಡಲು ಎಲೆಕ್ಟ್ರಾನುಗಳೇ ಇಲ್ಲ.

ಎರಡನೇ ಹಂತದಲ್ಲಿ ಮೆಥನಾಲಿನ ಆಕ್ಸಿಜನ್ ಕಾರ್ಬೊನಿಲ್ ಕಾರ್ಬನ್ನಿಗೆ ಬಂದು ಸೇರುವಾಗ, ಅದೇ ಉಸಿರಿನಲ್ಲಿ ಪೈ ಬಂಧದ ಎಲೆಕ್ಟ್ರಾನುಗಳು ಆಕ್ಸಿಜನ್ನಿನ ಮೇಲಕ್ಕೆ ಹೋಗಬೇಕು. ಈ ಎರಡನೇ ಬಾಣವನ್ನು ಮರೆತರೆ ಕಾರ್ಬನ್ನಿಗೆ ಐದು ಬಂಧಗಳಾಗುತ್ತವೆ. ಬಾಣಗಳನ್ನಷ್ಟೇ ನಂಬಿ ಮುಂದಿನ ರಚನೆ ಬರೆದರೆ ಈ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ; ಉತ್ಪನ್ನ ಗೊತ್ತಿದೆಯೆಂದು ಸರಿಯಾದ ರಚನೆಯನ್ನು ಬರೆದುಬಿಟ್ಟರೆ ಮುಚ್ಚಿಹೋಗುತ್ತದೆ. ಮೂರನೆಯದು ಮೆಥನಾಲಿನ ಆಕ್ಸಿಜನ್ನಿನಿಂದ ಒಂದು OH ಗುಂಪಿಗೆ ಪ್ರೋಟಾನ್ ವರ್ಗಾವಣೆ. ನಾಲ್ಕನೆಯದರಲ್ಲಿ ಉಳಿದ OH ಗುಂಪಿನ ಲೋನ್ ಪೇರ್ ಕೆಳಗಿಳಿದು ಪೈ ಬಂಧವಾಗುತ್ತದೆ, ನೀರು ಹೊರಬೀಳುತ್ತದೆ. ಕೊನೆಗೆ ಪ್ರೋಟಾನ್ ಕಳೆದುಕೊಂಡು ಮಿಥೈಲ್ ಬೆಂಜೊಯೇಟ್.

ಪ್ರತಿ ಹಂತದ ಕೆಳಗೂ ಒಟ್ಟು ಆವೇಶವನ್ನು ಬರೆಯಿರಿ. ಮೊದಲ ಬಾಣದಿಂದ ಎಸ್ಟರ್ ಸಿಗುವವರೆಗೆ ಎಲ್ಲೆಡೆ +1 ಇರಬೇಕು. ಎಲ್ಲಾದರೂ HO⁻ ಕಾಣಿಸಿಕೊಂಡರೆ ಅಲ್ಲಿಗೆ ನಿಲ್ಲಿಸಿ, ಏಕೆಂದರೆ ಇದು ಆಮ್ಲೀಯ ಮಾಧ್ಯಮ; ಇಲ್ಲಿ ಬಿಟ್ಟುಹೋಗುವುದು ನೀರೇ ಹೊರತು ಹೈಡ್ರಾಕ್ಸೈಡ್ ಅಲ್ಲ. ನಿವೃತ್ತ ಅಧ್ಯಾಪಕರು ಕೇಳಿದ್ದ "ಹೊರಬೀಳುವ ನೀರಿನ ಆಕ್ಸಿಜನ್ ಯಾರದು?" ಎಂಬ ಪ್ರಶ್ನೆಗೂ ನಿಮ್ಮ ಹಾಳೆಯೇ ಉತ್ತರಿಸಬೇಕು. 1938ರಲ್ಲಿ ರಾಬರ್ಟ್ಸ್ ಮತ್ತು ಯೂರೇ ಇದೇ ಕ್ರಿಯೆಯನ್ನು ಆಕ್ಸಿಜನ್-18 ಹೆಚ್ಚಿಸಿದ ಮೆಥನಾಲಿನಿಂದ ಮಾಡಿದಾಗ ಆ ಗುರುತು ಎಸ್ಟರಿನಲ್ಲಿ ಉಳಿಯಿತು, ನೀರಿಗೆ ಹೋಗಲಿಲ್ಲ. ಆದ್ದರಿಂದ ಮೆಥನಾಲಿನ ಆಕ್ಸಿಜನ್ನಿಗೆ ಒಂದು ನಕ್ಷತ್ರದ ಗುರುತು ಹಾಕಿ ಕೊನೆಯವರೆಗೆ ಕೊಂಡೊಯ್ಯಿರಿ. ಅದು ನೀರಿನಲ್ಲಿ ಬಂದು ನಿಂತರೆ ಮೂರನೇ ಅಥವಾ ನಾಲ್ಕನೇ ಹಂತ ತಪ್ಪಿದೆ.

ಸಾಬೂನು ತಯಾರಿಸುವ ಅಣ್ಣನವರು ಕಾಸ್ಟಿಕ್ ಸೋಡಾದ ಪ್ರಮಾಣ ಕೇಳಿದ್ದಾರೆ. ಅದು ಎಣ್ಣೆಯಿಂದ ಎಣ್ಣೆಗೆ ಬದಲಾಗುವ ಲೆಕ್ಕವಾದ್ದರಿಂದ ಬೇರೆಯಾಗಿ ಕೇಳುವುದು ಒಳ್ಳೆಯದು. ಆದರೂ ಅವರ ಮಾತು ಇಲ್ಲಿಗೆ ಹೊಂದುತ್ತದೆ. ಕ್ಷಾರದಲ್ಲಿ ಎಸ್ಟರ್ ಒಡೆದಾಗ ಮೊದಲು ಆಮ್ಲ ಮತ್ತು ಆಲ್ಕಾಕ್ಸೈಡ್ ಸಿಗುತ್ತವೆ. ಅಸಿಟಿಕ್ ಆಮ್ಲದ pKa ಸುಮಾರು 4.8, ಎಥನಾಲಿನದು ಸುಮಾರು 16. ಇಷ್ಟು ಅಂತರವಿರುವಾಗ ಆಮ್ಲದ ಪ್ರೋಟಾನ್ ತಕ್ಷಣ ಕೈ ಬದಲಿಸುತ್ತದೆ, ಉಳಿಯುವ ಕಾರ್ಬಾಕ್ಸಿಲೇಟ್ ಮತ್ತೆ ಎಸ್ಟರಾಗಿ ಹಿಂದಿರುಗುವುದಿಲ್ಲ. ಹಾಗಾಗಿ ಒಂದೊಂದು ಎಸ್ಟರ್ ಬಂಧಕ್ಕೂ ಒಂದೊಂದು NaOH ಖರ್ಚಾಗುತ್ತದೆ, ಎಣ್ಣೆಯ ಒಂದು ಅಣುವಿಗೆ ಮೂರು. ಆಮ್ಲದ ದಾರಿಯಲ್ಲಾದರೋ ಪ್ರೋಟಾನ್ ಕೊನೆಗೆ ಹಿಂದಕ್ಕೆ ಸಿಗುತ್ತದೆ. ಇವೆರಡನ್ನೂ ಒಂದೇ ಹಾಳೆಯ ಎಡಬಲಕ್ಕೆ ಒಂದು ಸಲ ಬರೆದು ನೋಡಿ.

ನನ್ನ ರೂಢಿ ಇಷ್ಟೇ. ಒಂದು ಕಟ್ಟಿನಿಂದ ದಿನಕ್ಕೆ ನಾಲ್ಕು ಪ್ರಶ್ನೆ, ತಿದ್ದುವುದು ಕೆಂಪು ಶಾಯಿಯಲ್ಲಿ, ಮರುದಿನ ತಪ್ಪಿದ್ದನ್ನು ಮೊದಲಿನಿಂದ ಖಾಲಿ ಹಾಳೆಯಲ್ಲಿ. ಮೂರು ಕಟ್ಟುಗಳೂ ಒಂದು ಸುತ್ತು ಆದ ಮೇಲೆ ಚೀಟಿಗಳನ್ನು ಕಲಸಿಬಿಡುತ್ತೇನೆ, ಏಕೆಂದರೆ ಕಟ್ಟಿನ ಹೆಸರು ಕಾಣುತ್ತಿದ್ದರೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಮೊದಲ ದಿನದಿಂದಲೇ ಕಲಸಬೇಕೆಂಬುದು ಅಧ್ಯಾಪಕರ ಅಭಿಪ್ರಾಯ. ಅವರ ವಿದ್ಯಾರ್ಥಿಗಳಿಗೆ ಅದು ಒಗ್ಗಿರಬಹುದು, ನನಗೆ ಒಗ್ಗಲಿಲ್ಲ. ಪ್ರೋಟಾನ್ ವರ್ಗಾವಣೆಯನ್ನು ಒಂದೇ ಬಾಣದಲ್ಲಿ ಒಳಗೊಳಗೇ ತೋರಿಸಬಹುದೇ ಎಂಬ ಚರ್ಚೆಯಲ್ಲೂ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಮೆಥನಾಲಿನ ಇನ್ನೊಂದು ಅಣು ತೆಗೆದುಕೊಂಡು, ಮತ್ತೊಂದು ಕೊಡುವಂತೆ ಎರಡು ಹಂತಗಳಲ್ಲಿ ನಾನು ಬರೆಯುತ್ತೇನೆ.

ಒಂದು ಚೀಟಿಯನ್ನು ಮಾತ್ರ ಮೂರನೆಯ ಕಟ್ಟಿನಿಂದ ಹೊರಗಿಡಿ: ಆಮ್ಲದಲ್ಲಿ ಟರ್ಷಿಯರಿ ಬ್ಯೂಟೈಲ್ ಎಸ್ಟರಿನ ವಿಭಜನೆ. ಅಲ್ಲಿಯೂ ಮೊದಲು ಕಾರ್ಬೊನಿಲ್ ಆಕ್ಸಿಜನ್ನಿಗೇ ಪ್ರೋಟಾನ್ ಸೇರುತ್ತದೆ, ಆದರೆ ಆಮೇಲೆ ನೀರು ಕಾರ್ಬೊನಿಲ್ಲಿಗೆ ಬಂದು ಸೇರುವ ಬದಲು ಟರ್ಷಿಯರಿ ಬ್ಯೂಟೈಲ್ ಕಾರ್ಬೊಕ್ಯಾಟಯಾನ್ ಬಿಟ್ಟುಹೋಗುತ್ತದೆ. ನೀರು ಸಿಕ್ಕರೆ ಅದು ಆಲ್ಕೊಹಾಲ್, ಪ್ರೋಟಾನ್ ಕಳೆದುಕೊಂಡರೆ ಐಸೊಬ್ಯೂಟಿಲೀನ್. ಆ ಚೀಟಿಯನ್ನು ಎಸ್‌ಎನ್1 ಪ್ರಶ್ನೆಗಳ ಜೊತೆಗಿಡಿ.