ಪಿಡಿಎಫ್‌ನಲ್ಲಿ ಸಹಿ ಕಾಣುತ್ತೆ, ಆದರೆ ಅದು ಯಾವ ಸಹಿ?

ಪ್ರಶ್ನೆ: ನಮ್ಮದು ಸಣ್ಣ ಫರ್ನಿಚರ್ ವರ್ಕ್‌ಶಾಪು. ಒಂದು ಕಂಪನಿಗೆ ಮೇಜು, ಕುರ್ಚಿ ಸಪ್ಲೈ ಮಾಡುವ ಕರಾರುಪತ್ರ ಪಿಡಿಎಫ್‌ನಲ್ಲಿ ಬಂದಿದೆ. ಕೊನೇ ಪುಟದಲ್ಲಿ ಅವರ ಸಹಿ ನೀಲಿ ಇಂಕಿನಲ್ಲಿ ಚೆನ್ನಾಗೇ ಕಾಣುತ್ತೆ. ಆದರೆ ನಮ್ಮ ಆಡಿಟರ್ ‘ಇದು ಫೋಟೋ ಅಂಟಿಸಿದ್ದು, ಡಿಜಿಟಲ್ ಸಹಿ ಅಲ್ಲ’ ಅಂತಾರೆ. ಸಹಿ ಅವರದ್ದೇ ಆದಮೇಲೆ ವ್ಯತ್ಯಾಸವೇನು? ಈ ಕರಾರು ನಡೆಯುತ್ತಾ?

ಉತ್ತರ: ನಿಮ್ಮ ಆಡಿಟರ್ ಹೇಳಿದ್ದು ಸರಿ. ಅಂಟಿಸಿದ ಸಹಿಗೂ ಅದರ ಮೇಲಿರುವ ಬರಹಕ್ಕೂ ಯಾವ ನಂಟೂ ಇರುವುದಿಲ್ಲ. ಕರಾರಿನಲ್ಲಿ ‘ಬಿಲ್ ಕೊಟ್ಟ 30 ದಿನದೊಳಗೆ ಹಣ ಪಾವತಿ’ ಅಂತಿದೆ ಅಂದುಕೊಳ್ಳಿ. ಪಿಡಿಎಫ್ ಎಡಿಟರ್ ಇದ್ದವರು ಆ 30ನ್ನು ಎರಡು ನಿಮಿಷದಲ್ಲಿ 90 ಮಾಡಬಹುದು. ಕೆಳಗಿನ ನೀಲಿ ಸಹಿ ಇದ್ದ ಹಾಗೇ ಇರುತ್ತೆ. ಅಷ್ಟೇ ಅಲ್ಲ, ಆ ಸಹಿಯನ್ನು ಕತ್ತರಿಸಿ ಇನ್ನೊಂದು ಪತ್ರಕ್ಕೂ ಅಂಟಿಸಬಹುದು.

ಡಿಜಿಟಲ್ ಸಹಿಯಲ್ಲಿ ಆಗುವುದೇ ಬೇರೆ. ಸಾಫ್ಟ್‌ವೇರ್ ಇಡೀ ಫೈಲನ್ನು ಓದಿ ಅದರಿಂದ ಹ್ಯಾಶ್ ಎಂಬ ಒಂದು ಪುಟ್ಟ ಸಂಖ್ಯೆ ತೆಗೆಯುತ್ತೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತೆ. ಸಹಿ ಮಾಡುವವರ ಯುಎಸ್‌ಬಿ ಟೋಕನ್ ಎಂಬ ಪೆನ್‌ಡ್ರೈವಿನಂಥ ಸಾಧನದಲ್ಲಿ ಖಾಸಗಿ ಕೀ ಎಂಬ ಗುಟ್ಟಿನ ಸಂಖ್ಯೆ ಇರುತ್ತೆ, ಅದು ಆ ಹ್ಯಾಶ್‌ಗೆ ಮೊಹರು ಹಾಕುತ್ತೆ. ಪುಟದ ಮೇಲೆ ಕಾಣುವ ಹೆಸರು, ದಿನಾಂಕದ ಚೌಕವೆಲ್ಲ ಬರೀ ಅಲಂಕಾರ. ಅಸಲಿ ಸಹಿ ಫೈಲಿನೊಳಗೆ ಅಡಗಿರುತ್ತೆ.

ಅದನ್ನು ಕಣ್ಣಾರೆ ನೋಡಬೇಕೆಂದರೆ ಪಿಡಿಎಫ್‌ನ ಒಂದು ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು `/ByteRange` ಎಂದು ಹುಡುಕಿ. ಸೇವ್ ಮಾತ್ರ ಮಾಡಬೇಡಿ. ಅಂಟಿಸಿದ ಚಿತ್ರವಷ್ಟೇ ಇರುವ ಫೈಲಿನಲ್ಲಿ ಆ ಪದ ಸಿಗುವುದಿಲ್ಲ. ಡಿಜಿಟಲ್ ಸಹಿಯಿದ್ದರೆ ಇಂಥದ್ದೊಂದು ಸಾಲು ಕಾಣುತ್ತೆ:

```
/ByteRange [0 48210 68692 5120]
```

ಮೊದಲ 48,210 ಬೈಟ್‌ಗಳಿಗೂ, 68,692ನೇ ಸ್ಥಾನದಿಂದ ಮುಂದಿನ 5,120 ಬೈಟ್‌ಗಳಿಗೂ ಮೊಹರು ಬಿದ್ದಿದೆ ಎಂದು ಇದರ ಅರ್ಥ. ನಡುವೆ ಬಿಟ್ಟ ಜಾಗದಲ್ಲಿ ಸಹಿಯೇ ಕೂತಿದೆ. ಕೊನೆಯ ಎರಡು ಸಂಖ್ಯೆ ಕೂಡಿಸಿ: 73,812. ಫೈಲಿನ ಗಾತ್ರವೂ ಅಷ್ಟೇ ಬೈಟ್ ಇರಬೇಕು. ಹೆಚ್ಚಿದ್ದರೆ ಸಹಿಯಾದ ಮೇಲೆ ಏನೋ ಸೇರಿದೆ. ಅದು ಮೋಸವೇ ಆಗಬೇಕಿಲ್ಲ, ಎರಡನೆಯವರು ಸಹಿ ಹಾಕಿದರೂ ಫೈಲು ಬೆಳೆಯುತ್ತೆ.

ಇಷ್ಟೆಲ್ಲ ಬೇಡ ಅನ್ನುವವರು ಅಡೋಬಿ ರೀಡರ್‌ನಲ್ಲಿ ತೆರೆದು ಸಹಿಯ ಮೇಲೆ ಕ್ಲಿಕ್ ಮಾಡಿದರೆ ಸಾಕು. ಚಿತ್ರವಾದರೆ ಯಾವ ವಿವರವೂ ಬರುವುದಿಲ್ಲ. ನಿಜವಾದ ಸಹಿಯಾದರೆ ಕೀ ಯಾರದ್ದೆಂದು ಹೇಳುವ ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ, ಫೈಲು ಬದಲಾಗಿದೆಯೇ ಎಂಬುದೆಲ್ಲ ತೆರೆದುಕೊಳ್ಳುತ್ತೆ. ನಮ್ಮ ದೇಶದ ಸಹಿಗಳಲ್ಲಿ ಬಹಳ ಸಲ ಹಳದಿ ಪ್ರಶ್ನಾರ್ಥಕ ಚಿಹ್ನೆಯೂ `Validity unknown` ಎಂಬ ಮಾತೂ ಬರುತ್ತವೆ. ಅದನ್ನು ನೋಡಿ ಗಾಬರಿಯಾಗಿ ಸಹಿ ನಕಲಿ ಅಂದುಕೊಳ್ಳುವವರೇ ಹೆಚ್ಚು. ಭಾರತದ ಮೂಲ ಸರ್ಟಿಫಿಕೇಟು ನಿಮ್ಮ ಕಂಪ್ಯೂಟರಿನ ನಂಬಿಕೆಯ ಪಟ್ಟಿಯಲ್ಲಿ ಇಲ್ಲದಿದ್ದರೂ ಹಾಗೇ ತೋರಿಸುತ್ತೆ. ಅದು ಸಿಸಿಎ, ಅಂದರೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿಯ ಸರ್ಟಿಫಿಕೇಟು. ಅದನ್ನು ಸಿಸಿಎ ಜಾಲತಾಣದಿಂದಲೇ ಇಳಿಸಿ ಪಟ್ಟಿಗೆ ಸೇರಿಸಿದರೆ ಹಸಿರು ಟಿಕ್ ಬರುತ್ತೆ. ಕೆಂಪು ಗುರುತು ಬಂದರೆ ಮಾತ್ರ ಫೈಲನ್ನು ಒಪ್ಪಬೇಡಿ.

ಇನ್ನು ಕರಾರು ನಡೆಯುತ್ತಾ ಎಂಬ ಮಾತು. ಚಿತ್ರ ಅಂಟಿಸಿದ್ದಾರೆ ಎಂಬ ಮಾತ್ರಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತೆ. ಆದರೆ ನಾಳೆ ಅವರು ‘ನಾನು ಸಹಿ ಮಾಡೇ ಇಲ್ಲ’ ಅಂದರೆ ಆ ಚಿತ್ರ ನಿಮ್ಮ ಕೈ ಹಿಡಿಯುವುದಿಲ್ಲ. ಪತ್ರ ಕಳಿಸಿದ ಇಮೇಲು, ಅಡ್ವಾನ್ಸ್ ಬಂದ ಬ್ಯಾಂಕ್ ದಾಖಲೆ, ಸರಕು ಸ್ವೀಕರಿಸಿದ ಚಲನ್ ಇವನ್ನೇ ಮುಂದಿಡಬೇಕು. ಹಾಗಾಗಿ ಆ ಇಮೇಲನ್ನು ಅಳಿಸಬೇಡಿ.

ಡಿಜಿಟಲ್ ಸಹಿಗೂ ಒಂದು ಮಿತಿಯಿದೆ. ಆ ಕೀ ಬಳಕೆಯಾಗಿದೆ ಎಂದು ಅದು ಹೇಳುತ್ತೆಯೇ ಹೊರತು, ಬಳಸಿದ ಕೈ ಯಾರದ್ದು ಎಂದು ಹೇಳದು. ಟೋಕನ್ನು ಆಡಿಟರ್ ಡ್ರಾಯರಿನಲ್ಲಿ, ಪಿನ್ನು ಅದರ ಮೇಲಿನ ಸ್ಟಿಕರಿನಲ್ಲಿ: ಇಂಥದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿಮ್ಮದೂ ಹಾಗಿದ್ದರೆ ಇವತ್ತೇ ತಂದಿಟ್ಟುಕೊಳ್ಳಿ.

ಕಂಪನಿಯವರಿಗೆ ಅದೇ ಪತ್ರವನ್ನು ಟೋಕನ್‌ನಿಂದಲೋ ಆಧಾರ್ ಇ-ಸೈನ್‌ನಿಂದಲೋ ಸಹಿ ಮಾಡಿ ಕಳಿಸಿ ಅನ್ನಿ. ಇ-ಸೈನ್‌ಗೆ ಟೋಕನ್ ಬೇಕಿಲ್ಲ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಸಾಕು. ಬಂದ ಫೈಲನ್ನು ಹಾಗೇ ಇಟ್ಟುಕೊಳ್ಳಿ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದರೆ, ಇಲ್ಲವೇ ‘ಪ್ರಿಂಟ್ ಟು ಪಿಡಿಎಫ್’ ಕೊಟ್ಟರೆ, ಒಳಗಿನ ಮೊಹರು ಹೋಗಿ ಮತ್ತೆ ಬರೀ ಚಿತ್ರವಷ್ಟೇ ಉಳಿಯುತ್ತೆ.