ಕ್ರಾಪ್ ಮುಖದ ಹಿಂದೆ ಓಡಬಾರದು

ಪ್ರಶ್ನೆ: ಅಡ್ಡ ವಿಡಿಯೊವನ್ನು ರೀಲ್ಸ್‌ಗೆ ಉದ್ದ ಮಾಡಬೇಕು. ಭಾಷಣಕಾರರ ಮುಖ ಪ್ರತಿ ಫ್ರೇಮಿನಲ್ಲೂ ನಟ್ಟನಡುವೆ ಇರುವ ಹಾಗೆ ತಾನಾಗೇ ಕ್ರಾಪ್ ಆಗೋದು ಹೇಗೆ?

ಪ್ರತಿ ಫ್ರೇಮಿನಲ್ಲೂ ನಟ್ಟನಡುವೆ ಬೇಡವೇ ಬೇಡ. ನಾನೂ ಅದನ್ನೇ ಮಾಡಿ ಒಂದು ಕೆಲಸ ಕಳೆದುಕೊಂಡಿದ್ದೇನೆ.

ದಾವಣಗೆರೆಯಲ್ಲಿ ಒಂದು ಉಪನ್ಯಾಸ. ಟ್ರೈಪಾಡ್ ಮೇಲೆ ಒಂದೇ ಕ್ಯಾಮೆರಾ, ವಿಡಿಯೊ 1920×1080. ಪೂರ್ತಿ ಎತ್ತರ ಇಟ್ಟುಕೊಂಡರೆ 9:16ಕ್ಕೆ ಸಿಗುವುದು ಸುಮಾರು 608 ಪಿಕ್ಸೆಲ್ ಅಗಲ. ಪ್ರತಿ ಫ್ರೇಮಿನಲ್ಲೂ ಮುಖದ ನಡುಬಿಂದು ಹುಡುಕಿ, ಅದರಿಂದ ಅಗಲದ ಅರ್ಧ, ಅಂದರೆ 304 ಕಳೆದು, ಅಲ್ಲಿಂದ ಕತ್ತರಿಸುವ ಸ್ಕ್ರಿಪ್ಟ್ ಬರೆದೆ.

ಮುಖವೇನೋ ನಡುವೆ ನಿಂತಿತು. ಹಿಂದಿದ್ದ ಫ್ಲೆಕ್ಸ್ ಕುಣಿಯತೊಡಗಿತು! ಮಾತಾಡುವವರ ತಲೆ ಸದಾ ಆ ಕಡೆ ಈ ಕಡೆ ತೂಗುತ್ತಿರುತ್ತದೆ. ತಲೆ ಅಲುಗದಿದ್ದರೂ ಮುಖ ಹುಡುಕುವ ಪ್ರೋಗ್ರಾಂ ಕೊಡುವ ಚೌಕ ಫ್ರೇಮಿನಿಂದ ಫ್ರೇಮಿಗೆ ಕೆಲವು ಪಿಕ್ಸೆಲ್ ನಡುಗುತ್ತದೆ. ಮುಖವನ್ನು ಕಟ್ಟಿಹಾಕಿದರೆ ಆ ಅಲುಗಾಟವೆಲ್ಲ ಹಿನ್ನೆಲೆಗೆ ಹೋಗುತ್ತದೆ. ಫ್ಲೆಕ್ಸ್ ಮೇಲಿನ ಅಕ್ಷರ, ಪೋಡಿಯಂ, ಮೈಕ್ ಸ್ಟ್ಯಾಂಡ್ ಎಲ್ಲ ಜಾರುತ್ತವೆ. ಸಾಲದ್ದಕ್ಕೆ, ಅವರು ತಲೆ ಬಗ್ಗಿಸಿ ಕಾಗದ ಓದಿದಾಗ ಮುಖ ಸಿಗದೆ, ಫ್ಲೆಕ್ಸ್‌ನಲ್ಲಿದ್ದ ದೊಡ್ಡ ಫೋಟೊಗೆ ಕ್ರಾಪ್ ಹಾರಿತು. "ಏನ್ರೀ ಇದು, ನೋಡಿದ್ರೆ ತಲೆ ಸುತ್ತುತ್ತೆ" ಅಂದ ಆಯೋಜಕರು ಉಳಿದ ವಿಡಿಯೊಗಳನ್ನು ಬೇರೆಯವರಿಗೆ ಕೊಟ್ಟರು.

ಚಲಿಸುವ ಸರಾಸರಿ, ಅಂದರೆ ಪ್ರತಿ ಫ್ರೇಮಿಗೂ ಅಕ್ಕಪಕ್ಕದ ಫ್ರೇಮುಗಳ ಸರಾಸರಿ ಹಾಕಿ ಅಂತ ಹಲವರು ಹೇಳುತ್ತಾರೆ. ಅದು ನಡುಕವನ್ನು ನಿಧಾನದ ತೇಲಾಟ ಮಾಡುತ್ತದೆ ಅಷ್ಟೆ. ಹಿಂದಿನ ಫ್ರೇಮುಗಳ ಸರಾಸರಿಯಾದರೆ, ಭಾಷಣಕಾರರು ನಡೆದಾಗ ಕ್ರಾಪ್ ಹಿಂದೆ ಬೀಳುತ್ತದೆ.

ನಿಮ್ಮ ವಿಡಿಯೊ ಆಗಲೇ ಶೂಟ್ ಆಗಿದೆ ಅಲ್ವಾ? ಅಂದರೆ ಮುಂದೆ ಅವರು ಎಲ್ಲಿಗೆ ಹೋಗುತ್ತಾರೆ ಅಂತ ಮೊದಲೇ ಗೊತ್ತು. ಅದನ್ನು ಬಳಸಿ. ಒಂದು ಶಾಟ್‌ನಲ್ಲಿ ಸಿಕ್ಕ ನಡುಬಿಂದುಗಳನ್ನೆಲ್ಲ ಸಾಲಾಗಿ ಜೋಡಿಸಿ, ಮಧ್ಯದ್ದನ್ನು, ಅಂದರೆ ಮೀಡಿಯನ್ ತೆಗೆದುಕೊಳ್ಳಿ. ಸರಾಸರಿಯಾದರೆ ಫ್ಲೆಕ್ಸ್ ಫೋಟೊ ಅದನ್ನು ತನ್ನ ಕಡೆ ಎಳೆಯುತ್ತದೆ. ಮೀಡಿಯನ್‌ಗೆ ಆಗೊಮ್ಮೆ ಈಗೊಮ್ಮೆ ಬರುವ ತಪ್ಪು ತಾಕುವುದಿಲ್ಲ. ಅದು 900 ಬಂತು ಅನ್ನಿ. 304 ಕಳೆದರೆ 596. ಶಾಟ್ ಪೂರ್ತಿ ಅದೇ ಇರಲಿ. ವಿಡಿಯೊ ಕತ್ತರಿಸುವ ffmpeg ಪ್ರೋಗ್ರಾಂಗೆ ಹೀಗೆ ಹೇಳಿ:

```
ffmpeg -i in.mp4 -vf "crop=608:1080:596:0,scale=1080:1920" out.mp4
```

ಮುಖ ಆ ಜಾಗದಿಂದ ಎರಡೂ ಕಡೆ 120 ಪಿಕ್ಸೆಲ್‌ವರೆಗೆ ಓಡಾಡಲಿ, ಕ್ರಾಪ್ ಅಲ್ಲಾಡಬಾರದು. ಅದನ್ನು ದಾಟಿ ಒಂದು ಸೆಕೆಂಡಿಗಿಂತ ಜಾಸ್ತಿ ಅಲ್ಲೇ ನಿಂತರೆ ಮಾತ್ರ ಹೊಸ ಜಾಗಕ್ಕೆ ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲಿಸಿ. ಶಾಟ್ ಬದಲಾದರೆ ಜಾರಿಸಬೇಡಿ, ಹೊಸ ಮೀಡಿಯನ್‌ಗೆ ನೇರ ಹಾರಿಸಿ. ಮುಖ ಸಿಗದಿದ್ದರೆ ಇದ್ದಲ್ಲೇ ಇರಲಿ.

ವೇದಿಕೆ ತುಂಬ ಓಡಾಡುವವರಾದರೆ 4ಕೆಯಲ್ಲಿ ಶೂಟ್ ಮಾಡಿ. 3840×2160ರಲ್ಲಿ ಕತ್ತರಿಸಿದ ತುಂಡೇ ಸುಮಾರು 1215 ಅಗಲ ಇರುವುದರಿಂದ 1080ಕ್ಕೆ ಹಿಗ್ಗಿಸುವ ಗೋಜಿಲ್ಲ. ಸೋಫಾದ ಎರಡು ತುದಿಗೆ ಕೂತ ಇಬ್ಬರ ಸಂದರ್ಶನವಾದರೆ ಯಾರ ಮುಖ ಅಂತ ಒದ್ದಾಡದೆ ಒಬ್ಬರನ್ನು ಮೇಲೆ, ಒಬ್ಬರನ್ನು ಕೆಳಗೆ ಇಡಿ. ಒಬ್ಬೊಬ್ಬರಿಗೂ 1080×960 ಜಾಗ ಸಿಗುತ್ತದೆ.