ಎ ಮೈನರ್, ಎಫ್, ಸಿ, ಜಿ: ತಪ್ಪು ಕಾರ್ಡ್‌ಗಳದ್ದಲ್ಲ

ಪ್ರಶ್ನೆ: "ನನ್ನ ಹಾಡಿನಲ್ಲಿ ಎ ಮೈನರ್, ಎಫ್, ಸಿ, ಜಿ ಸುತ್ತಿ ಸುತ್ತಿ ಬರುತ್ತವೆ. ನಾಲ್ಕರಲ್ಲಿ ಮೂರು ಮೇಜರ್. ಆದರೂ ಕೇಳಿದರೆ ಅಳು ಬರುತ್ತದೆ. ಸ್ವಲ್ಪ ಭರವಸೆ ಬರಬೇಕು ಅಂದರೆ ಯಾವ ಕಾರ್ಡ್ ಬದಲಿಸಲಿ?"

ಯಾವುದನ್ನೂ ಬದಲಿಸಬೇಡಿ. ನಾನು ಬದಲಿಸಿಯೇ ಕೆಟ್ಟೆ.

ಗೆಳೆಯರ ನಾಟಕವೊಂದರ ಕೊನೆಯ ದೃಶ್ಯಕ್ಕೆ ಎರಡು ನಿಮಿಷದ ಸಂಗೀತ ಬೇಕಿತ್ತು. ಹುಡುಗಿಯೊಬ್ಬಳು ಮನೆ ಬಿಟ್ಟು ಹೊರಡುತ್ತಾಳೆ, ಆದರೆ ಒಳ್ಳೆಯದಕ್ಕೇ ಹೊರಡುತ್ತಿದ್ದಾಳೆ. ನಾನು ಹಿಡಿದದ್ದು ಇವೇ ನಾಲ್ಕು ಕಾರ್ಡ್, ಇದೇ ಕ್ರಮ. ಕೇಳಿಸಿದೆ. ನಿರ್ದೇಶಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವಳು ಬಸ್ ಹತ್ತುತ್ತಿದ್ದಾಳೋ, ಕೆರೆಗೆ ಹಾರುತ್ತಿದ್ದಾಳೋ?" ಎಂದು ಕೇಳಿದರು.

ಮೈನರ್ ಅಂದರೆ ದುಃಖ, ಮೇಜರ್ ಅಂದರೆ ಖುಷಿ ಎಂದು ನಂಬಿದ್ದ ಕಾಲ ಅದು. ಹಾಗಾಗಿ ಎ ಮೈನರ್ ತೆಗೆದು ಎ ಮೇಜರ್ ಹಾಕಿದೆ. ಎ ಮೇಜರ್‌ನಲ್ಲಿ ಸಿ ಶಾರ್ಪ್ ಇರುತ್ತದೆ, ಮರುಕ್ಷಣ ಬರುವ ಎಫ್‌ನಲ್ಲಿ ಬರೀ ಸಿ. ಕೈತಪ್ಪಿ ಬೇರೆ ಕೀ ಒತ್ತಿದ ಹಾಗೆ ಕೇಳಿಸಿತು. ಆಮೇಲೆ ವೇಗವನ್ನು ನಿಮಿಷಕ್ಕೆ 70 ಬೀಟ್‌ನಿಂದ 95ಕ್ಕೆ ಏರಿಸಿದೆ. ಅದೇ ದುಃಖ, ಈಗ ಓಡುತ್ತಿತ್ತು ಅಷ್ಟೇ. ಮೂರು ರಾತ್ರಿ ಹೀಗೇ ಹೋಯಿತು. ಪ್ರದರ್ಶನದ ದಿನ ನನ್ನದನ್ನು ಕೈಬಿಟ್ಟು ಬೇರೆ ಯಾವುದೋ ರೆಕಾರ್ಡಿಂಗ್ ಹಾಕಿದರು. ಸಭಿಕರ ನಡುವೆ ಕೂತು ಅದನ್ನು ಕೇಳಿದ್ದು ಇವತ್ತಿಗೂ ಚುಚ್ಚುತ್ತದೆ.

ತಪ್ಪು ಎಲ್ಲಿತ್ತು ಅಂದರೆ, ನನ್ನ ಎಡಗೈಯಲ್ಲಿತ್ತು. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ಗಂಭೀರವಾಗಿರಲಿ ಎಂದು ನಾಲ್ಕೂ ಕಾರ್ಡ್‌ಗಳ ಕೆಳಗೆ ಎಡಗೈಯಲ್ಲಿ ಎ ಸ್ವರವನ್ನು ಬಿಡದೆ ಹಿಡಿದಿದ್ದೆ, ತಂಬೂರಿ ಮೀಟಿದ ಹಾಗೆ. ತಂಬೂರಿ ಏನು ಮಾಡುತ್ತದೆ? ಶ್ರುತಿ ಯಾವುದು, ಸ ಎಲ್ಲಿದೆ ಎಂದು ಕಿವಿಗೆ ಹೇಳುತ್ತಲೇ ಇರುತ್ತದೆ. ನಾನು ಎರಡು ನಿಮಿಷ ಪೂರ್ತಿ "ಸ ಅಂದರೆ ಎ" ಎಂದು ಹೇಳಿಸಿದ್ದೆ. ಸಾಲದ್ದಕ್ಕೆ ಸುತ್ತು ಶುರುವಾಗುವುದೂ ಎ ಮೈನರ್‌ನಿಂದ, ರಾಗದ ಪ್ರತಿ ಸಾಲು ಬಂದು ನಿಲ್ಲುವುದೂ ಎ ಮೇಲೆ. ಇಷ್ಟಾದ ಮೇಲೆ ಆ ಸಿ ಮೇಜರ್‌ನ ಗತಿ ನೋಡಿ. ಸಿ, ಇ, ಜಿ ಮೂರು ಸ್ವರ, ಕೆಳಗೆ ಎ. ಎ, ಸಿ, ಇ, ಜಿ ಒಟ್ಟಿಗೆ ಸೇರಿದರೆ ಅದು ಎ ಮೈನರ್ ಸೆವೆನ್ತ್! ನಾನು ಬಲಗೈಯಲ್ಲಿ ಮೇಜರ್ ಕಾರ್ಡ್ ನುಡಿಸುತ್ತಿದ್ದೆ, ಎಡಗೈಯ ಒಂದು ಬೆರಳು ಅದನ್ನು ಮೈನರ್ ಮಾಡಿಬಿಡುತ್ತಿತ್ತು. ಮೂರು ರಾತ್ರಿ ನಾನು ಬಲಗೈಯನ್ನೇ ನೋಡುತ್ತಿದ್ದೆ.

ಅಂದರೆ ನಿಮ್ಮ "ನಾಲ್ಕರಲ್ಲಿ ಮೂರು ಮೇಜರ್" ಲೆಕ್ಕಕ್ಕೆ ಅರ್ಥವಿಲ್ಲ. ಕಾರ್ಡ್‌ಗೆ ಸ್ವಂತ ಸ್ವಭಾವ ಕಡಿಮೆ. ಅದರೊಳಗಿನ ಸ್ವರಗಳು ನಿಮ್ಮ ಸ ಇಂದ ಎಷ್ಟು ದೂರ ಇವೆ, ಯಾವ ಕಡೆಗೆ ವಾಲುತ್ತಿವೆ, ಅದನ್ನು ಕೇಳಬೇಕು.

ಜಿ ಕಾರ್ಡ್ ತೆಗೆದುಕೊಳ್ಳಿ. ಅದರೊಳಗೆ ಬಿ ಇದೆ. ಸಿ ಯನ್ನು ಸ ಎಂದು ಹಿಡಿದರೆ ಈ ಬಿ ನಿಮ್ಮ ನಿ. ಕೀಬೋರ್ಡ್‌ನಲ್ಲಿ ನಿ ಮತ್ತು ಮೇಲಿನ ಸ ನಡುವೆ ಇನ್ನೊಂದು ಕೀ ಇಲ್ಲ, ತಾಗಿಕೊಂಡೇ ಇವೆ. ಸ ರಿ ಗ ಮ ಪ ಧ ನಿ ಎಂದು ಹಾಡಿ ಅಲ್ಲಿಗೇ ನಿಲ್ಲಿಸಿ ನೋಡಿ, ಎದೆಯಲ್ಲಿ ಏನೋ ತುದಿಗಾಲಲ್ಲಿ ನಿಂತ ಹಾಗಾಗುತ್ತದೆ, ಅಲ್ವಾ? ಆ ಬಿಗಿ ಮೇಲಕ್ಕೆ ಎಳೆಯುತ್ತದೆ. ಈಗ ಎ ಯನ್ನು ಸ ಮಾಡಿ. ಅದೇ ಬಿ ಬರೀ ರಿ ಆಗುತ್ತದೆ, ಆರಾಮಾಗಿ ಕೆಳಗಿನ ಸ ಗೆ ಇಳಿಯುತ್ತದೆ. ನನ್ನ ರಾಗ ಮಾಡುತ್ತಿದ್ದದ್ದೂ ಅದನ್ನೇ: ಬಿ, ಎ. ಸುತ್ತಿನಲ್ಲಿ ಮೇಲಕ್ಕೆ ಏರಬಹುದಾಗಿದ್ದ ಒಂದೇ ಒಂದು ಸ್ವರವನ್ನು ನಾನೇ ಕೆಳಗೆ ಕೂರಿಸಿದ್ದೆ.

ಎಳೆತ ಇದ್ದ ಮಾತ್ರಕ್ಕೆ ಭರವಸೆ ಬರುತ್ತದೆ ಅಂತಲೂ ಅಲ್ಲ. ಎ ಮೈನರ್‌ಗೆ ಮುಂಚೆ ಜಿ ಬದಲು ಇ ಮೇಜರ್ ಹಾಕಿ ನೋಡಿ. ಅದರಲ್ಲಿ ಜಿ ಶಾರ್ಪ್ ಇದೆ, ಎ ಗೆ ತಾಗಿಕೊಂಡೇ. ಎಳೆತ ಜೋರಾಗಿರುತ್ತದೆ, ಆದರೆ ಹೋಗಿ ಇಳಿಯುವುದು ಮೈನರ್‌ನಲ್ಲಿ. ಮೇಜರ್ ಹೋಗಿ ಮೇಜರ್ರೇ ಬಂತು, ದುಃಖ ಮಾತ್ರ ಇನ್ನೂ ಗಟ್ಟಿಯಾಯಿತು.

ವರ್ಷದ ನಂತರ ಅದೇ ತುಣುಕನ್ನು ಸರಿ ಮಾಡಿದ್ದು ಹೀಗೆ. ಕೆಳಗಿನ ಎ ತೆಗೆದೆ, ಪ್ರತಿ ಕಾರ್ಡ್‌ಗೆ ಅದರದೇ ಬೇಸ್ ಕೊಟ್ಟೆ. ಸುತ್ತನ್ನು ಎಫ್‌ನಿಂದ ಶುರು ಮಾಡಿದೆ: ಎಫ್, ಜಿ, ಎ ಮೈನರ್, ಮತ್ತೆ ಎಫ್, ಜಿ, ಸಿ. ಅವೇ ನಾಲ್ಕು ಕಾರ್ಡ್. ಮೇಲೆ ರಾಗ ಎರಡೂ ಸಲ ಒಂದೇ: ಎ, ಬಿ, ಸಿ. ಅಂದರೆ ಧ, ನಿ, ಸ. ಮಜಾ ಇರುವುದು ಇಲ್ಲೇ. ಮೊದಲ ಸಲ ರಾಗ ಸ ಮುಟ್ಟುತ್ತದೆ, ಆದರೆ ಕೆಳಗೆ ಬೇಸ್ ಧ ಮೇಲೆ ಇರುತ್ತದೆ. ತಲೆ ಮನೆ ಸೇರಿದೆ, ಕಾಲು ಇನ್ನೂ ಹೊಸ್ತಿಲಾಚೆ. ಎರಡನೇ ಸಲ ಕಾಲೂ ಒಳಗೆ ಬರುತ್ತದೆ. ನನ್ನ ಕಿವಿಗೆ ಭರವಸೆ ಅಂದರೆ ಆ ಮೊದಲ ಸಲದ ಎ ಮೈನರ್, ಕೊನೆಯ ಸಿ ಮೇಜರ್ ಅಲ್ಲ. ಸಿ ಯನ್ನು ಮೊದಲ ಸಲವೇ ಕೊಟ್ಟುಬಿಟ್ಟರೆ ಖುಷಿ ಬರುತ್ತದೆ, ಕಾಯುವಿಕೆ ಹೋಗುತ್ತದೆ.

ಇದರ ಉಲ್ಟಾ ಕೇಳಬೇಕಾದರೆ ಸಿ, ಎಫ್, ಎಫ್ ಮೈನರ್, ಸಿ ನುಡಿಸಿ, ಒಂದೊಂದು ಬಾರ್. ಮನೆ ಸಿ ಮೇಜರ್, ಅದರಲ್ಲಿ ಅನುಮಾನವೇ ಇಲ್ಲ. ಎಫ್‌ನಿಂದ ಎಫ್ ಮೈನರ್‌ಗೆ ಬದಲಾಗುವುದು ಒಂದೇ ಸ್ವರ: ಎ ಇಳಿದು ಎ ಫ್ಲ್ಯಾಟ್ ಆಗುತ್ತದೆ, ಆಮೇಲೆ ಇನ್ನೊಂದು ಕೀ ಇಳಿದು ಜಿ ಸೇರುತ್ತದೆ. ಧ, ಇಳಿಸಿದ ಧ, ಪ. ಕೊನೆಯ ಹೆಜ್ಜೆಯಲ್ಲಿ ಮ ಕೂಡ ಒಂದು ಕೀ ಇಳಿದು ಗ ಆಗುತ್ತದೆ. ಎರಡು ಎಳೆತ, ಎರಡೂ ಕೆಳಕ್ಕೆ. ಮೇಜರ್‌ನಲ್ಲಿ ಶುರುವಾಗಿ ಮೇಜರ್‌ನಲ್ಲೇ ಮುಗಿದರೂ ನಡುವೆ ಗಂಟಲು ಕಟ್ಟುತ್ತದೆ. "ದುಃಖದ ಕಾರ್ಡ್ ಪಟ್ಟಿ" ಎಂದು ಹಂಚಿಕೊಳ್ಳುತ್ತಾರಲ್ಲ, ಅದರಲ್ಲಿ ಈ ಇಳಿಯುವ ಧ ಸಿಗುವುದಿಲ್ಲ, ಬರೀ ಕಾರ್ಡ್ ಹೆಸರು ಇರುತ್ತದೆ. ಅದಕ್ಕೇ ನನಗೆ ಆ ಪಟ್ಟಿಗಳ ಮೇಲೆ ಸಿಟ್ಟು.

ವೇಗ, ದನಿ, ಸಾಹಿತ್ಯ ಇವೆಲ್ಲ ಈ ಲೆಕ್ಕವನ್ನು ತಲೆಕೆಳಗು ಮಾಡಬಲ್ಲವು. ಮೈನರ್‌ನಲ್ಲಿ ಕುಣಿಸುವ ಹಾಡುಗಳು ಬೇಕಾದಷ್ಟಿವೆ. ಆದರೆ ನಿಮ್ಮ ತೊಂದರೆ ಅದಲ್ಲ ಅನಿಸುತ್ತದೆ.

ನಿಮ್ಮ ಹಾಡನ್ನು ಒಂದು ಸಲ ನುಡಿಸಿ, ನಡುವೆ ಎಲ್ಲೋ ಥಟ್ಟನೆ ನಿಲ್ಲಿಸಿ, ಎಲ್ಲಿ ಮುಗಿಸಿದರೆ ಸಮಾಧಾನ ಅನಿಸುತ್ತದೋ ಆ ಸ್ವರವನ್ನು ಗುನುಗಿ. ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ ಮೂರು ನಾಲ್ಕು ಸಲ ಮಾಡಿ. ಪ್ರತಿ ಸಲ ಎ ಬಂದರೆ ನಿಮ್ಮದೂ ನನ್ನದೇ ಕಾಯಿಲೆ. ಮೊದಲು ಬೇಸ್ ನೋಡಿ, ಆಮೇಲೆ ಸಾಲಿನ ಕೊನೆಯ ಸ್ವರ ನೋಡಿ. ಅಲ್ಲಿ ಬಿ ಆದಮೇಲೆ ಎ ಇದ್ದರೆ, ಬಿ ಆದಮೇಲೆ ಸಿ ಹಾಡಿ ನೋಡಿ, ಕಾರ್ಡ್ ಎ ಮೈನರೇ ಇರಲಿ.